ಪಟ್ಟಿಯಲ್ಲಿ ಕಾಣದ ನಾಲ್ಕು ಫಂಡ್‌ಗಳು: ಸೋಮವಾರಪೇಟೆಯ ಒಂದು ಹೂಡಿಕೆ ಪ್ರಕರಣ

2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ಕೊಡಗಿನ ಅನೇಕ ಬೆಳೆಗಾರರ ಕೈಯಲ್ಲಿ, ಸಾಲ ತೀರಿಸಿ ಗೊಬ್ಬರಕ್ಕೂ ಕೂಲಿಗೂ ಎತ್ತಿಟ್ಟ ನಂತರವೂ, ಒಂದಿಷ್ಟು ಹಣ ಉಳಿಯಿತು. ಇಲ್ಲಿ ವಿವರಿಸುತ್ತಿರುವುದು ಸೋಮವಾರಪೇಟೆ ತಾಲ್ಲೂಕಿನ ಅಂಥ ಒಂದು ಕುಟುಂಬದ ಪ್ರಕರಣ. ಪತಿ ತೋಟ ನೋಡಿಕೊಳ್ಳುತ್ತಾರೆ. ಪತ್ನಿ ನಿವೃತ್ತ ಶಿಕ್ಷಕಿ, ಮನೆಯ ಲೆಕ್ಕಪತ್ರವೆಲ್ಲ ಅವರದು. 2025ರ ಏಪ್ರಿಲ್‌ನಲ್ಲಿ ಅವರು ನನ್ನ ಬಳಿ ಬಂದಾಗ ಅವರ ಮುಂದಿದ್ದ ಪ್ರಶ್ನೆ 20 ಲಕ್ಷ ರೂಪಾಯಿಯನ್ನು ಎಲ್ಲಿ ತೊಡಗಿಸಬೇಕು ಎಂಬುದು, ಕೈಯಲ್ಲಿದ್ದುದು ಅವರ ಬ್ಯಾಂಕಿನ ಶಾಖೆಯಲ್ಲಿ ಕೊಟ್ಟಿದ್ದ, ಮ್ಯೂಚುವಲ್ ಫಂಡ್‌ಗಳ ಒಂದು ಪುಟದ ಪಟ್ಟಿ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಫಂಡ್‌ಗಳಿಗೆ ಹೆಸರಿನ ಬದಲು ಅಕ್ಷರಗಳನ್ನು ಕೊಟ್ಟು, ಲೆಕ್ಕ ಹಿಡಿತಕ್ಕೆ ಸಿಗಲೆಂದು ಅವುಗಳ ಅಂಕಿಗಳನ್ನು ನಾನೇ ಸರಳಗೊಳಿಸಿ ಹೊಂದಿಸಿದ್ದೇನೆ. ಅವನ್ನು ಯಾವುದೇ ನಿಜವಾದ ಫಂಡ್‌ನ ಸಾಧನೆ ಎಂದು ಓದಬಾರದು.

ಪಟ್ಟಿಯ ಶೀರ್ಷಿಕೆ ‘ಲಾರ್ಜ್‌ಕ್ಯಾಪ್ ಫಂಡ್‌ಗಳು, 10 ವರ್ಷಗಳ ರಿಟರ್ನ್’ ಎಂದಿತ್ತು. ಲಾರ್ಜ್‌ಕ್ಯಾಪ್ ಎಂದರೆ ದೊಡ್ಡ ಕಂಪನಿಗಳ ಷೇರುಗಳಲ್ಲಿ ಹಣ ತೊಡಗಿಸುವ ಫಂಡ್. 2015ರ ಮಾರ್ಚ್ ಅಂತ್ಯದಿಂದ 2025ರ ಮಾರ್ಚ್ ಅಂತ್ಯದವರೆಗಿನ ವಾರ್ಷಿಕ ಚಕ್ರಬಡ್ಡಿ ದರದಲ್ಲಿ ಎಂಟು ಫಂಡ್‌ಗಳ ಸಾಧನೆಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸಲಾಗಿತ್ತು: ಅ ಫಂಡ್ ಶೇ. 14, ಆ ಶೇ. 13.5, ಇ ಮತ್ತು ಈ ತಲಾ ಶೇ. 13, ಉ ಶೇ. 12.5, ಊ ಮತ್ತು ಎ ತಲಾ ಶೇ. 11.5, ಏ ಶೇ. 11. ಕೆಳಗಿನ ಸಾಲಿನಲ್ಲಿ ದೊಡ್ಡ ಕಂಪನಿಗಳ ಸೂಚ್ಯಂಕ, ಡಿವಿಡೆಂಡನ್ನೂ ಸೇರಿಸಿ, ಶೇ. 12 ಎಂದಿತ್ತು. ಎಂಟು ಫಂಡ್‌ಗಳ ಸರಾಸರಿ ಶೇ. 12.5, ಎಂಟರಲ್ಲಿ ಐದು ಸೂಚ್ಯಂಕವನ್ನು ಮೀರಿವೆ. ಬ್ಯಾಂಕಿನ ಸಿಬ್ಬಂದಿ ಇದರಿಂದ ಎರಡು ತೀರ್ಮಾನಗಳನ್ನು ಹೇಳಿದ್ದರು. ಈ ವರ್ಗದಲ್ಲಿ ಯಾವ ಫಂಡ್ ಆಯ್ದರೂ ಸೂಚ್ಯಂಕಕ್ಕಿಂತ ಹೆಚ್ಚು ಬರುವ ಸಾಧ್ಯತೆಯೇ ಜಾಸ್ತಿ ಎಂಬುದು ಒಂದು, ಮೇಲಿನ ಎರಡನ್ನು ಆಯ್ದರೆ ಇನ್ನೂ ಕ್ಷೇಮ ಎಂಬುದು ಇನ್ನೊಂದು.

ಪಟ್ಟಿಯ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ಪ್ರಕರಣದ ತೊಡಕು ಇರುವುದೇ ಅಲ್ಲಿ. ತಪ್ಪು ಅಂಕಿಯನ್ನು ಯಾರಾದರೂ ಹಿಡಿದು ತೋರಿಸಬಹುದು. ಸರಿಯಾದ ಅಂಕಿಗಳಿಂದಲೇ ಹುಟ್ಟುವ ತಪ್ಪು ತೀರ್ಮಾನವನ್ನು ಹಿಡಿಯಲು, ಆ ಪಟ್ಟಿ ಹೇಗೆ ಹುಟ್ಟಿತು ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಕೇಳಿದವರು ಶಿಕ್ಷಕಿಯೇ. “ಸರ್, ಹತ್ತು ವರ್ಷದ ಹಿಂದೆ ನಾವು ಬ್ಯಾಂಕಿಗೆ ಹೋಗಿದ್ದರೆ ಇದೇ ಎಂಟು ಹೆಸರು ಕೊಡುತ್ತಿದ್ದರಾ?”

ಕೊಡುತ್ತಿರಲಿಲ್ಲ. ಆಗ ಹನ್ನೆರಡು ಹೆಸರುಗಳಿದ್ದವು.

ಆರಂಭದ ದಿನದ ಪಟ್ಟಿ

ಇಂಥ ಪಟ್ಟಿಯನ್ನು ತಯಾರಿಸುವ ಕ್ರಮ ಹೀಗಿರುತ್ತದೆ: ಇಂದು ಚಾಲ್ತಿಯಲ್ಲಿರುವ ಫಂಡ್‌ಗಳನ್ನು ತೆಗೆದುಕೊಂಡು, ಅವುಗಳ ಪೈಕಿ ಹತ್ತು ವರ್ಷದ ಇತಿಹಾಸ ಇರುವವನ್ನು ಆರಿಸಿ, ಅಲ್ಲಿಂದ ಹಿಂದಕ್ಕೆ ನೋಡಿ ರಿಟರ್ನ್ ಲೆಕ್ಕ ಹಾಕಲಾಗುತ್ತದೆ. ನಡುವೆ ಮುಚ್ಚಿಹೋದ ಅಥವಾ ಬೇರೊಂದರಲ್ಲಿ ವಿಲೀನವಾದ ಫಂಡ್‌ಗೆ ಇಂದಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಇಲ್ಲ. ಇಂದಿನ ಎನ್‌ಎವಿ ಇಲ್ಲದ ಮೇಲೆ ಹತ್ತು ವರ್ಷದ ರಿಟರ್ನ್ ಇಲ್ಲ. ಆದ್ದರಿಂದ ಅದು ಪಟ್ಟಿಗೆ ಬರುವುದೇ ಇಲ್ಲ. ಯಾರೂ ಅದನ್ನು ಬೇಕೆಂದು ಅಳಿಸಿರುವುದಿಲ್ಲ. ಆದರೆ ಚೆನ್ನಾಗಿ ನಡೆಯುತ್ತಿರುವ, ಹಣ ಹರಿದು ಬರುತ್ತಿರುವ ಫಂಡನ್ನು ಫಂಡ್ ಸಂಸ್ಥೆಗಳು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಹಿಂದೆ ಬಿದ್ದ ಫಂಡ್‌ನಿಂದ ಜನ ಹಣ ತೆಗೆಯುತ್ತಾರೆ, ಗಾತ್ರ ಕುಗ್ಗುತ್ತದೆ, ಕೊನೆಗೆ ಅದನ್ನು ಅದೇ ಸಂಸ್ಥೆಯ ಹೆಚ್ಚು ಹೆಸರುವಾಸಿಯಾದ ಫಂಡ್‌ಗೆ ಸೇರಿಸಿಬಿಡುತ್ತಾರೆ. ಹೀಗಾಗಿ ಕಾಣೆಯಾದವುಗಳಲ್ಲಿ ದುರ್ಬಲವಾದವೇ ಹೆಚ್ಚು, ಉಳಿದವುಗಳ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಇದನ್ನೇ ಸರ್ವೈವರ್‌ಶಿಪ್ ಬಯಾಸ್ ಅನ್ನುತ್ತಾರೆ.

ತೋಟದ ಲೆಕ್ಕದಲ್ಲಿ ಇದನ್ನು ಹೇಳಿದಾಗ ಪತಿಗೆ ಕೂಡಲೇ ಹಿಡಿಯಿತು. ಬಿಳಿ ಕಾಂಡಕೊರಕ ಹತ್ತಿದ ಅರೇಬಿಕಾ ಗಿಡಗಳನ್ನು ಕಿತ್ತು ಸುಟ್ಟ ಮೇಲೆ, ನಿಂತಿರುವ ಗಿಡಗಳ ಇಳುವರಿಯನ್ನಷ್ಟೇ ಎಣಿಸಿ ‘ನನ್ನ ತೋಟದಲ್ಲಿ ಗಿಡವೊಂದಕ್ಕೆ ಇಷ್ಟು ಕಾಫಿ’ ಎಂದು ಹೇಳಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಸಿಯ ದುಡ್ಡು, ಗುಂಡಿಯ ಕೂಲಿ, ಗೊಬ್ಬರ ಎಲ್ಲವೂ ಕಿತ್ತ ಗಿಡಗಳಿಗೂ ಹೋಗಿದೆ. ಹೂಡಿಕೆದಾರನೂ ಆರಂಭದ ದಿನ ಹನ್ನೆರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಯಾವ ಎಂಟು ಉಳಿಯುತ್ತವೆ ಎಂದು ಅವನಿಗೆ ಅಂದು ಗೊತ್ತಿರಲಿಲ್ಲ.

ಆರಂಭದ ದಿನದ ಪಟ್ಟಿಯನ್ನು ಮತ್ತೆ ಕಟ್ಟುವುದು ಸಾಧ್ಯ, ಆದರೆ ಸ್ವಲ್ಪ ಶ್ರಮ ಬೇಕು. ಮ್ಯೂಚುವಲ್ ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಎನ್‌ಎವಿ ಇತಿಹಾಸದ ವಿಭಾಗವಿದೆ. ಅಲ್ಲಿ ಹಳೆಯ ದಿನಾಂಕ ಕೊಟ್ಟರೆ ಆ ದಿನ ಎನ್‌ಎವಿ ಪ್ರಕಟಿಸಿದ ಸ್ಕೀಮುಗಳು ಕೋಡ್ ಸಂಖ್ಯೆಯ ಸಮೇತ ಸಿಗುತ್ತವೆ, ಇಂದು ಇಲ್ಲದವೂ ಸೇರಿ. ಒಂದೇ ಸ್ಕೀಮು ಅದರಲ್ಲಿ ಹಲವು ಸಾಲುಗಳಲ್ಲಿ ಬರುತ್ತದೆ: ಮಧ್ಯವರ್ತಿಯ ಮೂಲಕ ಕೊಳ್ಳುವ ರೆಗ್ಯುಲರ್ ಮತ್ತು ನೇರವಾಗಿ ಕೊಳ್ಳುವ ಡೈರೆಕ್ಟ್, ಲಾಭವನ್ನು ಫಂಡ್‌ನಲ್ಲೇ ಉಳಿಸುವ ಗ್ರೋತ್ ಮತ್ತು ಹಂಚುವ ಡಿವಿಡೆಂಡ್, ಪ್ರತಿಯೊಂದಕ್ಕೂ ಬೇರೆ ಕೋಡ್. ಡಿವಿಡೆಂಡ್ ಹಂಚಿದಾಗ ಆ ಆಯ್ಕೆಯ ಎನ್‌ಎವಿ ಅಷ್ಟೇ ಇಳಿಯುವುದರಿಂದ ಅದರ ಮೇಲೆ ರಿಟರ್ನ್ ಲೆಕ್ಕ ಹಾಕಿದರೆ ತಪ್ಪು ಉತ್ತರ ಬರುತ್ತದೆ. ರೆಗ್ಯುಲರ್ ಗ್ರೋತ್ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ನಂತರ 2015ರ ಪಟ್ಟಿಯನ್ನು 2025ರ ಪಟ್ಟಿಯೊಂದಿಗೆ ಹೆಸರಿನಿಂದಲ್ಲ, ಕೋಡ್‌ನಿಂದ ಹೊಂದಿಸಬೇಕು. ಫಂಡ್ ಹೆಸರು ಬದಲಿಸಿದರೂ ಕೋಡ್ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಹೆಸರಿನಿಂದ ಹೊಂದಿಸಿದರೆ ಬದುಕಿರುವ ಫಂಡ್ ಸತ್ತಂತೆ ಕಾಣುತ್ತದೆ. ಕೋಡ್ ಒಂದು ದಿನಾಂಕಕ್ಕೆ ನಿಂತುಹೋಗಿದ್ದರೆ ಆ ಫಂಡ್ ವಿಲೀನವಾಗಿದೆ ಅಥವಾ ಮುಚ್ಚಿದೆ ಎಂದರ್ಥ, ಮತ್ತು ಆ ಸಮಯದಲ್ಲಿ ಫಂಡ್ ಸಂಸ್ಥೆ ಹೊರಡಿಸಿದ ಪ್ರಕಟಣೆಯಲ್ಲಿ ಅದು ಎಲ್ಲಿಗೆ ಸೇರಿತು ಎಂಬುದು ಇರುತ್ತದೆ.

ಇಲ್ಲಿ ಒಂದು ಕಷ್ಟವಿದೆ. ‘ಲಾರ್ಜ್‌ಕ್ಯಾಪ್’ ಎಂಬ ವರ್ಗಕ್ಕೆ ಇಂದಿರುವ ಖಚಿತ ಅರ್ಥ, ಅಂದರೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಎಂಬ ಅರ್ಥ, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಿಂದ ಬಂದದ್ದು. 2015ರಲ್ಲಿ ಆ ನಿಯಮವಿರಲಿಲ್ಲ. ಆದ್ದರಿಂದ ಆಗಿನ ಲಾರ್ಜ್‌ಕ್ಯಾಪ್ ಫಂಡ್‌ಗಳು ಯಾವುವು ಎಂಬುದನ್ನು ಹಳೆಯ ಫ್ಯಾಕ್ಟ್‌ಶೀಟ್‌ನಲ್ಲಿರುವ ಉದ್ದೇಶ, ಫಂಡನ್ನು ಅಳೆಯುವ ಸೂಚ್ಯಂಕವಾದ ಬೆಂಚ್‌ಮಾರ್ಕ್ ಮತ್ತು ಷೇರುಗಳ ಪಟ್ಟಿಯನ್ನು ನೋಡಿ ನಿರ್ಧರಿಸಬೇಕು, ಅದರಲ್ಲಿ ವಿವೇಚನೆಗೆ ಎಡೆ ಇದ್ದೇ ಇರುತ್ತದೆ. ಅದೇ ಸುತ್ತೋಲೆ ಒಂದು ಸಂಸ್ಥೆಗೆ ಹೆಚ್ಚಿನ ವರ್ಗಗಳಲ್ಲಿ ಒಂದೇ ಸ್ಕೀಮು ಎಂದು ಮಿತಿ ಹಾಕಿದ್ದರಿಂದ 2018ರಲ್ಲಿ ವಿಲೀನಗಳು ಒಟ್ಟೊಟ್ಟಿಗೆ ನಡೆದವು. ಹಾಗಾಗಿ ಭಾರತದಲ್ಲಿ ಆ ವರ್ಷವನ್ನು ದಾಟಿ ಹಿಂದಕ್ಕೆ ಚಾಚಿಕೊಂಡ ಯಾವ ರಿಟರ್ನ್ ಪಟ್ಟಿಯನ್ನೂ ನಾನು ಎರಡು ಬಾರಿ ನೋಡದೆ ನಂಬುವುದಿಲ್ಲ.

ನಾಲ್ಕು ಫಂಡ್‌ಗಳನ್ನು ಸೇರಿಸಿದಾಗ

ಕಾಣೆಯಾದ ನಾಲ್ಕನ್ನು ಕ, ಖ, ಗ, ಘ ಎನ್ನೋಣ. ನಾಲ್ಕೂ 2018ರ ಮಾರ್ಚ್ ಅಂತ್ಯದ ಸುಮಾರಿಗೆ ವಿಲೀನವಾದವು. ಅಲ್ಲಿಯವರೆಗಿನ ಮೂರು ವರ್ಷಗಳಲ್ಲಿ ಅವುಗಳ ವಾರ್ಷಿಕ ರಿಟರ್ನ್ ಕ್ರಮವಾಗಿ ಶೇ. 2, 3, 3 ಮತ್ತು 4. ಅದೇ ಅವಧಿಯಲ್ಲಿ ಸೂಚ್ಯಂಕದಲ್ಲಿಟ್ಟ ಒಂದು ಲಕ್ಷ 1.24 ಲಕ್ಷವಾಗಿತ್ತು, ಅಂದರೆ ವರ್ಷಕ್ಕೆ ಶೇ. 7.4ರ ಆಸುಪಾಸು.

ಇವುಗಳನ್ನು ಹತ್ತು ವರ್ಷದ ಲೆಕ್ಕಕ್ಕೆ ತರುವುದು ಹೇಗೆ? ಫಂಡನ್ನು ಹಿಂಬಾಲಿಸಿದರೆ ಲೆಕ್ಕ ಮೂರನೇ ವರ್ಷಕ್ಕೆ ನಿಂತುಬಿಡುತ್ತದೆ. ಹೂಡಿಕೆದಾರನ ರೂಪಾಯಿಯನ್ನು ಹಿಂಬಾಲಿಸಿದರೆ ನಿಲ್ಲುವುದಿಲ್ಲ, ಏಕೆಂದರೆ ವಿಲೀನದ ದಿನ ಅವನ ಯೂನಿಟ್‌ಗಳು ಅದೇ ಮೌಲ್ಯದ ಹೊಸ ಫಂಡ್‌ನ ಯೂನಿಟ್‌ಗಳಾಗುತ್ತವೆ. ನಿಜವಾದ ಲೆಕ್ಕದಲ್ಲಿ ಅಲ್ಲಿಂದ ಮುಂದೆ ಆ ಹೊಸ ಫಂಡ್‌ನ ಎನ್‌ಎವಿಯನ್ನೇ ಬಳಸಬೇಕು. ಇಲ್ಲಿ ಸರಳತೆಗಾಗಿ ಮುಂದಿನ ಏಳು ವರ್ಷ ಅವರಿಗೆ ಸೂಚ್ಯಂಕದಷ್ಟೇ, ಅಂದರೆ ವರ್ಷಕ್ಕೆ ಶೇ. 14 ಸಿಕ್ಕಿತು ಎಂದಿಟ್ಟುಕೊಂಡಿದ್ದೇನೆ. ಕ ಫಂಡ್‌ನಲ್ಲಿ ಒಂದು ಲಕ್ಷ ಇಟ್ಟವನ ಹಣ ಮೂರು ವರ್ಷಕ್ಕೆ 1.06 ಲಕ್ಷವಾಗಿ, ಹತ್ತನೇ ವರ್ಷದ ಕೊನೆಗೆ ಸುಮಾರು 2.66 ಲಕ್ಷವಾಯಿತು, ಅದು ವರ್ಷಕ್ಕೆ ಶೇ. 10.3. ಖ ಮತ್ತು ಗ ಫಂಡ್‌ನವರಿಗೆ ಶೇ. 10.6, ಘ ಫಂಡ್‌ನವರಿಗೆ ಶೇ. 10.9. ವಿಲೀನದ ನಂತರ ಏಳು ವರ್ಷ ಯಾವ ಕೊರತೆಯೂ ಆಗದಿದ್ದರೂ ಮೊದಲ ಮೂರು ವರ್ಷದ ಪೆಟ್ಟು ಕೊನೆಯವರೆಗೂ ಉಳಿದಿದೆ.

ಈಗ ಹನ್ನೆರಡರ ಸರಾಸರಿ ತೆಗೆದರೆ ಶೇ. 11.9 ಬರುತ್ತದೆ. ಬ್ಯಾಂಕಿನ ಪಟ್ಟಿಯ ಶೇ. 12.5ಕ್ಕೂ ಇದಕ್ಕೂ ಅಂತರ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಸೂಚ್ಯಂಕ ನಿಂತಿರುವುದು ಶೇ. 12ರಲ್ಲಿ; ಈ ಸಣ್ಣ ಅಂತರ ಸರಾಸರಿಯನ್ನು ಸೂಚ್ಯಂಕದ ಮೇಲಿನಿಂದ ಕೆಳಕ್ಕೆ ತಂದಿತು. ಎಂಟರಲ್ಲಿ ಐದು ಗೆದ್ದಿವೆ ಎಂಬುದು ಹನ್ನೆರಡರಲ್ಲಿ ಐದು ಎಂದಾಯಿತು, ಅಂದರೆ ‘ಹೆಚ್ಚಿನವು ಗೆಲ್ಲುತ್ತವೆ’ ಎಂಬ ಮಾತು ‘ಹೆಚ್ಚಿನವು ಸೋಲುತ್ತವೆ’ ಎಂದು ತಿರುಗಿತು. 20 ಲಕ್ಷ ರೂಪಾಯಿಗೆ ಹೇಳುವುದಾದರೆ, ಶೇ. 12.5ರಲ್ಲಿ ಅದು ಹತ್ತು ವರ್ಷಕ್ಕೆ ಸುಮಾರು 64.9 ಲಕ್ಷ, ಶೇ. 11.9ರಲ್ಲಿ ಸುಮಾರು 61.6 ಲಕ್ಷ. ಮೂರು ಲಕ್ಷಕ್ಕೂ ಮಿಕ್ಕ ಈ ವ್ಯತ್ಯಾಸ ಯಾರಿಗೂ ಸಿಗದ ಹಣ. ಅದು ಪಟ್ಟಿಯಲ್ಲಿ ಮಾತ್ರ ಇತ್ತು.

ಇಂಥ ಅಂತರ ನನ್ನ ಉದಾಹರಣೆಯ ಕಲ್ಪನೆಯಲ್ಲ. ಅಮೆರಿಕದ ಈಕ್ವಿಟಿ ಫಂಡ್‌ಗಳ 1982ರಿಂದ 1991ರವರೆಗಿನ ದಾಖಲೆಯನ್ನು ಪರಿಶೀಲಿಸಿ ಅರ್ಥಶಾಸ್ತ್ರಜ್ಞ ಬರ್ಟನ್ ಮಾಲ್ಕೀಲ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯವರೆಗೆ ಉಳಿದ ಫಂಡ್‌ಗಳ ವಾರ್ಷಿಕ ಸರಾಸರಿ ಎಲ್ಲ ಫಂಡ್‌ಗಳ ಸರಾಸರಿಗಿಂತ ಒಂದು ಶೇಕಡಾ ಅಂಶಕ್ಕೂ ಹೆಚ್ಚು ಮೇಲಿತ್ತು.

ಅವಧಿ ಉದ್ದವಾದಷ್ಟೂ ಪಟ್ಟಿ ನಂಬಲರ್ಹ ಎಂಬ ಭಾವನೆ ಸಾಮಾನ್ಯ. ಒಂದು ವರ್ಷದ ರಿಟರ್ನ್ ಅದೃಷ್ಟ ಇರಬಹುದು, ಹತ್ತು ವರ್ಷದ್ದು ಸಾಮರ್ಥ್ಯ ಎಂಬುದು ಅದರ ಹಿಂದಿರುವ ತರ್ಕ. ಆ ತರ್ಕದಲ್ಲಿ ಹುರುಳಿದೆ, ಆದರೆ ಈ ಒಂದು ದೋಷದ ಮಟ್ಟಿಗೆ ಅದು ತಲೆಕೆಳಗು. ವರ್ಷಕ್ಕೆ ನೂರಕ್ಕೆ ನಾಲ್ಕು ಫಂಡ್‌ಗಳು ಮರೆಯಾಗುತ್ತವೆ ಎಂದುಕೊಂಡರೆ ಒಂದು ವರ್ಷದ ಪಟ್ಟಿಯಲ್ಲಿ 96 ಉಳಿದಿರುತ್ತವೆ, ಹತ್ತು ವರ್ಷದ ಪಟ್ಟಿಯಲ್ಲಿ ಸುಮಾರು 66 ಮಾತ್ರ. ದೀರ್ಘಾವಧಿಯ ಪಟ್ಟಿ ಹೆಚ್ಚು ಸೋಸಿದ ಪಟ್ಟಿ, ಮತ್ತು ಸೋಸಿದ್ದು ಫಲಿತಾಂಶ ತಿಳಿದ ಮೇಲೆ.

ಮೇಲಿನ ಎರಡು ಸ್ಥಾನಗಳು

ಸರಾಸರಿ ಹೋಗಲಿ, ಮೊದಲ ಎರಡು ಫಂಡ್‌ಗಳು ನಿಜಕ್ಕೂ ಶೇ. 14 ಮತ್ತು 13.5 ಕೊಟ್ಟಿವೆಯಲ್ಲ ಎಂದು ಪತಿ ಕೇಳಿದರು. ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರಿಸಲು ಆ ಎರಡು ಫಂಡ್‌ಗಳ ಸ್ಕೀಮು ದಾಖಲೆಗಳನ್ನು ಬಿಡಿಸಿ ನೋಡಬೇಕಾಯಿತು.

ಕ ಫಂಡ್ ವಿಲೀನವಾದದ್ದು ಅ ಫಂಡ್‌ನಲ್ಲೇ. ವಿಲೀನದ ನಂತರ ಯಾವ ಇತಿಹಾಸವನ್ನು ತೋರಿಸಬೇಕೆಂಬುದಕ್ಕೆ ಸೆಬಿ 2018ರ ಏಪ್ರಿಲ್‌ನಲ್ಲಿ ನಿಯಮ ಮಾಡಿದೆ. ಸೇರುವ ಎರಡೂ ಸ್ಕೀಮುಗಳು ಒಂದೇ ಬಗೆಯವಾಗಿದ್ದು ಹೊಸದೂ ಹಾಗೆಯೇ ಇದ್ದರೆ ಎರಡರ ತೂಕವಿಟ್ಟ ಸರಾಸರಿಯನ್ನು ತೋರಿಸಬೇಕು. ಒಂದರ ಸ್ವರೂಪವನ್ನು ಮಾತ್ರ ಉಳಿಸಿಕೊಂಡರೆ ಅದರ ಇತಿಹಾಸವನ್ನು ತೋರಿಸಬೇಕು. ಎರಡೂ ಅಳಿದು ಮೂರನೆಯದೊಂದು ಹುಟ್ಟಿದರೆ ಹಿಂದಿನ ಸಾಧನೆಯನ್ನು ತೋರಿಸಬೇಕಿಲ್ಲ. ನಿಯಮ ನ್ಯಾಯವಾದದ್ದೇ. ಆದರೆ ನಮ್ಮ ಪ್ರಕರಣ ಎರಡನೆಯ ಬಗೆಯದು: ಅ ಫಂಡ್‌ನ ಸ್ವರೂಪ ಉಳಿಯಿತು, ಅದರ ಶೇ. 14 ಉಳಿಯಿತು, ಅದೇ ಸಂಸ್ಥೆಯನ್ನು ನಂಬಿ ಕ ಫಂಡ್‌ನಲ್ಲಿ ಹಣ ಇಟ್ಟವರ ಮೊದಲ ಮೂರು ವರ್ಷಗಳು ಪಟ್ಟಿಯಿಂದ ಮರೆಯಾದವು. 2015ರಲ್ಲಿ ಆ ಸಂಸ್ಥೆಯ ಬಾಗಿಲಿಗೆ ಹೋದವನ ಮುಂದೆ ಎರಡೂ ಫಂಡ್‌ಗಳಿದ್ದವು.

ಎರಡನೇ ಸ್ಥಾನದ ‘ಆ’ ಫಂಡ್‌ನ ಕಥೆ ಬೇರೆ, ನನ್ನ ಮಟ್ಟಿಗೆ ಇದೇ ಹೆಚ್ಚು ಕಲಿಸುವಂಥದ್ದು. ಅದರ ದಾಖಲೆಯಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಿಂದೆ ಈ ಹೆಸರಿನಿಂದ ಕರೆಯಲಾಗುತ್ತಿತ್ತು’ ಎಂಬ ಸಾಲಿತ್ತು, ಬೆಂಚ್‌ಮಾರ್ಕ್ 2018ರಲ್ಲಿ ಬದಲಾಗಿತ್ತು. ಹಳೆಯ ಫ್ಯಾಕ್ಟ್‌ಶೀಟ್ ತೆರೆದಾಗ, 2015ರಿಂದ 2018ರವರೆಗೆ ಅದು ಬಹುಪಾಲು ಮಧ್ಯಮ ಗಾತ್ರದ ಕಂಪನಿಗಳ ಷೇರು ಹಿಡಿದಿದ್ದ ಫಂಡ್ ಎಂಬುದು ಕಂಡಿತು. ಆ ಮೂರು ವರ್ಷ ಅದು ವರ್ಷಕ್ಕೆ ಶೇ. 15 ಗಳಿಸಿತ್ತು. ಆ ಮೂರು ವರ್ಷಗಳನ್ನು ಬಿಟ್ಟು, ಲಾರ್ಜ್‌ಕ್ಯಾಪ್ ಆದ ಮೇಲಿನ ಏಳು ವರ್ಷಗಳನ್ನಷ್ಟೇ ಲೆಕ್ಕ ಹಾಕಿದರೆ ಅದರ ರಿಟರ್ನ್ ವರ್ಷಕ್ಕೆ ಶೇ. 12.9, ಅದೇ ಏಳು ವರ್ಷ ಸೂಚ್ಯಂಕ ಕೊಟ್ಟದ್ದು ಶೇ. 14. ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಲಾರ್ಜ್‌ಕ್ಯಾಪ್ ಫಂಡ್, ಲಾರ್ಜ್‌ಕ್ಯಾಪ್ ಆಗಿ ತನ್ನ ಸೂಚ್ಯಂಕವನ್ನು ಒಟ್ಟಾರೆಯಾಗಿ ಮೀರಿರಲಿಲ್ಲ. ಇದನ್ನು ಕಂಡುಹಿಡಿಯಲು ಬೇಕಾದದ್ದು ಹತ್ತು ವರ್ಷದ ಒಂದು ಅಂಕಿಯನ್ನು ವರ್ಷವರ್ಷದ ಹತ್ತು ಅಂಕಿಗಳಾಗಿ ಬಿಡಿಸುವ ತಾಳ್ಮೆ. ಬಿಡಿಸಿದಾಗ ಮುನ್ನಡೆಯೆಲ್ಲ ಅವಧಿಯ ಒಂದು ತುದಿಯಲ್ಲೇ ಗುಂಪಾಗಿದ್ದರೆ, ಆ ತುದಿಯಲ್ಲಿ ಫಂಡ್ ಏನು ಹಿಡಿದಿತ್ತು ಎಂದು ನೋಡಲೇಬೇಕು.

ಲೆಕ್ಕವನ್ನು ಇನ್ನೊಂದು ಬದಿಗೆ ಎಳೆಯಬಾರದು ಎಂಬ ಎಚ್ಚರವೂ ಅಗತ್ಯ. ಕಾಣೆಯಾದ ಫಂಡ್‌ಗಳೆಲ್ಲ ಕೆಟ್ಟವಲ್ಲ. ಫಂಡ್ ಸಂಸ್ಥೆಯೇ ಮಾರಾಟವಾದಾಗ ಅದರ ಎಲ್ಲ ಫಂಡ್‌ಗಳ ಹೆಸರೂ ಹೋಗುತ್ತದೆ, ಚೆನ್ನಾಗಿ ನಡೆದವೂ ಸೇರಿ: ಫಿಡೆಲಿಟಿಯ ಭಾರತದ ಫಂಡ್ ವ್ಯವಹಾರವನ್ನು 2012ರಲ್ಲಿ ಎಲ್ ಆ್ಯಂಡ್ ಟಿ ಕೊಂಡಿತು, ಆ ಎಲ್ ಆ್ಯಂಡ್ ಟಿಯ ಫಂಡ್ ವ್ಯವಹಾರ 2022ರಲ್ಲಿ ಎಚ್‌ಎಸ್‌ಬಿಸಿಗೆ ಹೋಯಿತು. 2018ರ ಕೆಲವು ವಿಲೀನಗಳು ನಿಯಮದ ಕಾರಣಕ್ಕಷ್ಟೇ ಆದವು. ಆದ್ದರಿಂದ ಕಾಣೆಯಾದ ಫಂಡ್‌ಗೆ ಊಹೆಯ ಕೆಟ್ಟ ಅಂಕಿ ಹಾಕದೆ, ಅದರ ಎನ್‌ಎವಿಯನ್ನು ಕೊನೆಯ ದಿನದವರೆಗೂ ಹುಡುಕಿ ಹಾಕಬೇಕು.

ಇಷ್ಟು ಶ್ರಮ ಎಲ್ಲರಿಗೂ ಸಾಧ್ಯವಿಲ್ಲದಿದ್ದರೆ ಎಸ್ ಆ್ಯಂಡ್ ಪಿ ಸಂಸ್ಥೆ ಭಾರತದ ಫಂಡ್‌ಗಳ ಬಗ್ಗೆ ಹೊರತರುವ ಸ್ಪೈವಾ ವರದಿಯನ್ನು ನೋಡಬಹುದು. ಅದು ಅವಧಿಯ ಆರಂಭದಲ್ಲಿದ್ದ ಎಲ್ಲ ಫಂಡ್‌ಗಳನ್ನೂ ಛೇದದಲ್ಲಿಟ್ಟು, ಶೇಕಡಾ ಎಷ್ಟು ಫಂಡ್‌ಗಳು ಸೂಚ್ಯಂಕಕ್ಕಿಂತ ಹಿಂದೆ ಬಿದ್ದವು ಮತ್ತು ಶೇಕಡಾ ಎಷ್ಟು ಉಳಿದವು ಎಂಬ ಎರಡನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಎರಡನೆಯ ಅಂಕಿಯನ್ನು ಮೊದಲು ಓದುವುದು ಒಳ್ಳೆಯದು. ವರದಿ ವರ್ಗದ ಬಗ್ಗೆ ಹೇಳುತ್ತದೆ, ಒಂದು ನಿರ್ದಿಷ್ಟ ಫಂಡ್ ಬಗ್ಗೆ ಹೇಳುವುದಿಲ್ಲ; ಅದಕ್ಕೆ ಮತ್ತೆ ಸ್ಕೀಮು ದಾಖಲೆಗೇ ಹೋಗಬೇಕು.

ಕುಟುಂಬದ ನಿರ್ಧಾರ

ದಂಪತಿ ಬ್ಯಾಂಕಿಗೆ ಮರಳಿ ಹೋಗಿ ಮೂರು ವಿಷಯಗಳನ್ನು ಕೇಳಿದರು: ಪಟ್ಟಿಯಲ್ಲಿರುವ ಪ್ರತಿ ಫಂಡ್‌ಗೆ ಹತ್ತು ವರ್ಷದಲ್ಲಿ ಯಾವ ಸ್ಕೀಮು ಸೇರಿತು, ಅದರ ಬೆಂಚ್‌ಮಾರ್ಕ್ ಯಾವಾಗ ಬದಲಾಯಿತು, ಮತ್ತು ವರ್ಷವರ್ಷದ ರಿಟರ್ನ್ ಎಷ್ಟು. ಸಿಬ್ಬಂದಿ ಬೇಸರಿಸದೆ ಎಂಟರ ಪೈಕಿ ಐದಕ್ಕೆ ಮಾಹಿತಿ ತರಿಸಿಕೊಟ್ಟರು. ವಿಲೀನವಿಲ್ಲದೆ, ಬೆಂಚ್‌ಮಾರ್ಕಿನ ಸ್ವರೂಪ ಬದಲಾಗದೆ, ಮುನ್ನಡೆ ಹಲವು ವರ್ಷಗಳಲ್ಲಿ ಹರಡಿಕೊಂಡಿದ್ದ ಫಂಡ್ ಒಂದೇ ಇತ್ತು: ಮೂರನೇ ಸ್ಥಾನದ ಇ.

20 ಲಕ್ಷದಲ್ಲಿ 5 ಲಕ್ಷ ತೋಟದ ಖರ್ಚಿಗೆ ಬೇಕಾದಾಗ ತೆಗೆಯುವಂತೆ ಬ್ಯಾಂಕ್ ಠೇವಣಿಯಲ್ಲಿ ಉಳಿಯಿತು. ಹೂಮಳೆ ಕೈಕೊಟ್ಟ ವರ್ಷ ಷೇರು ಮಾರಿ ಗೊಬ್ಬರ ತರುವ ಸ್ಥಿತಿ ಬರಬಾರದೆಂಬುದು ಪತಿಯ ಹಟ, ಅದು ಸರಿಯಾದ ಹಟ. 11 ಲಕ್ಷ ಕಡಿಮೆ ವೆಚ್ಚದ ಸೂಚ್ಯಂಕ ಫಂಡ್‌ಗೆ, 4 ಲಕ್ಷ ಇ ಫಂಡ್‌ಗೆ ಕಂತುಗಳಲ್ಲಿ ಹೋಗುತ್ತಿದೆ. ಮುಂದಿನ ಲೆಕ್ಕಕ್ಕೆ ಇ ಫಂಡ್‌ನ ಶೇ. 13 ಅನ್ನು ಬಳಸಲಿಲ್ಲ, ಏಕೆಂದರೆ ಅದೂ ಫಲಿತಾಂಶ ತಿಳಿದ ಮೇಲೆ ಆರಿಸಿದ ಹೆಸರೇ, ಎರಡಕ್ಕೂ ಶೇ. 10 ಎಂದು ಇಟ್ಟುಕೊಂಡೆವು.

ಶಿಕ್ಷಕಿ ತಮ್ಮ ಲೆಕ್ಕದ ಪುಸ್ತಕದಲ್ಲಿ, 2025ರ ಏಪ್ರಿಲ್‌ನಲ್ಲಿ ಲಾರ್ಜ್‌ಕ್ಯಾಪ್ ವರ್ಗದಲ್ಲಿದ್ದ ಎಲ್ಲ ಸ್ಕೀಮುಗಳ ಹೆಸರು, ಕೋಡ್ ಮತ್ತು ಬೆಂಚ್‌ಮಾರ್ಕ್ ಬರೆದುಕೊಂಡಿದ್ದಾರೆ. ತಮ್ಮ ಫಂಡನ್ನು ಮುಂದೆ ಅಳೆಯುವುದು ಆ ಪಟ್ಟಿಯ ಎದುರು, ಆಗ ಸಿಗುವ ಹೊಸ ಪಟ್ಟಿಯ ಎದುರಲ್ಲ. ಇ ಫಂಡ್ ಮುಂದೊಂದು ದಿನ ಬೇರೊಂದರಲ್ಲಿ ವಿಲೀನವಾಗುವುದಾದರೆ ಸಂಸ್ಥೆಯಿಂದ ಪತ್ರ ಬರುತ್ತದೆ, ಮತ್ತು ನಿರ್ಗಮನ ಶುಲ್ಕವಿಲ್ಲದೆ ಹೊರಬರಲು ಕನಿಷ್ಠ 30 ದಿನಗಳ ಅವಕಾಶವಿರುತ್ತದೆ. ಹೊರಬಂದರೆ ಲಾಭದ ಮೇಲೆ ತೆರಿಗೆ ಬೀಳುತ್ತದೆ: ಒಂದು ವರ್ಷ ಮೀರಿದ ಈಕ್ವಿಟಿ ಹೂಡಿಕೆಗೆ ಈಗ ವರ್ಷಕ್ಕೆ 1.25 ಲಕ್ಷಕ್ಕಿಂತ ಮೇಲಿನ ಲಾಭದ ಶೇ. 12.5. ವಿಲೀನವನ್ನು ಒಪ್ಪಿ ಉಳಿದರೆ ಅದನ್ನು ಮಾರಾಟವೆಂದು ಪರಿಗಣಿಸುವುದಿಲ್ಲ, ಹಳೆಯ ಖರೀದಿ ಬೆಲೆ ಮತ್ತು ದಿನಾಂಕಗಳೇ ಮುಂದುವರಿಯುತ್ತವೆ. ಆ ಪತ್ರ ಬಂದರೆ ಅದನ್ನು ಎಸೆಯದೆ ಅದೇ ಪುಸ್ತಕಕ್ಕೆ ಅಂಟಿಸಿ, ಹೊಸ ಫಂಡ್‌ನ ಕೋಡನ್ನು ಹಳೆಯದರ ಪಕ್ಕದಲ್ಲಿ ಬರೆದು, ರೂಪಾಯಿಯ ಲೆಕ್ಕವನ್ನು ಮೊದಲ ಕಂತಿನಿಂದಲೇ ಮುಂದುವರಿಸುವುದೆಂದು ಅವರು ನಿಶ್ಚಯಿಸಿದ್ದಾರೆ.